ಮಣ್ಣು ಮುಚ್ಚುವ ಮುನ್ನವೇ ಲೆಕ್ಕ

ದೊಡ್ಡ ಕಟ್ಟಡವೊಂದು ಏಳುತ್ತಿರುವಾಗ ಗುತ್ತಿಗೆದಾರರಿಗೆ ಹಣ ಒಂದೇ ಸಲಕ್ಕೆ ಹೋಗುವುದಿಲ್ಲ. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಅವರು ಆವರೆಗಿನ ಕೆಲಸವನ್ನು ಅಳೆಸಿ ಬಿಲ್ ಹಾಕುತ್ತಾರೆ. ಇದಕ್ಕೆ ರನ್ನಿಂಗ್ ಬಿಲ್ ಎಂದು ಹೆಸರು. ಅಳತೆಯೆಲ್ಲ ಮೊದಲು ಅಳತೆ ಪುಸ್ತಕದಲ್ಲಿ ದಾಖಲಾಗಬೇಕು. ಸೈಟ್ ಎಂಜಿನಿಯರ್ ಸಹಿ ಹಾಕಬೇಕು. ಆಮೇಲೆ ಲೆಕ್ಕಪತ್ರ ವಿಭಾಗ ಹಿಂದಿನ ಪಾವತಿಗಳನ್ನು ಕಳೆದು ಉಳಿದದ್ದನ್ನು ಕೊಡುತ್ತದೆ. ಯೋಜನೆಯ ಕೋಟಿಗಟ್ಟಲೆ ಹಣ ಹರಿಯುವುದು ಈ ದಾರಿಯಲ್ಲೇ. ಹೀಗಾಗಿ ಆಂತರಿಕ ಲೆಕ್ಕಪರಿಶೋಧಕರ ನಿಜವಾದ ಕೆಲಸವೂ ಇಲ್ಲೇ ಇದೆ.

2013ರ ಕಂಪನಿ ಕಾಯ್ದೆಯ 138ನೇ ಸೆಕ್ಷನ್ ಪ್ರಕಾರ ಷೇರುಪೇಟೆಯಲ್ಲಿರುವ ಎಲ್ಲ ಕಂಪನಿಗಳೂ, ನಿಗದಿತ ಗಾತ್ರ ಮೀರಿದ ಇತರ ಕಂಪನಿಗಳೂ ಆಂತರಿಕ ಲೆಕ್ಕಪರಿಶೋಧಕರನ್ನು ನೇಮಿಸಿಕೊಳ್ಳಲೇಬೇಕು. ಆದರೆ ಎಷ್ಟೋ ಕಡೆ ಅವರು ವರ್ಷದ ಕೊನೆಗೆ ಬಂದು ವೋಚರ್, ಸಹಿ, ಜಿಎಸ್‌ಟಿ ನೋಡಿ ಹೋಗುತ್ತಾರೆ. ಕಟ್ಟಡದ ಕಾಮಗಾರಿಯಲ್ಲಿ ಇಷ್ಟು ಸಾಲದು. ಪಾಯದ ಗುಂಡಿಗೆ ಮಣ್ಣು ತುಂಬಿದ ಮೇಲೆ ಅದರ ಆಳ ಅಳೆಯಲಾಗದು. ಕಾಂಕ್ರೀಟ್ ಬಿದ್ದ ಮೇಲೆ ಒಳಗಿನ ಕಂಬಿ ಎಣಿಸಲಾಗದು. ಇಲ್ಲಿ ಸಾಕ್ಷ್ಯ ದಿನದಿನವೂ ಮುಚ್ಚಿಹೋಗುತ್ತಿರುತ್ತದೆ.

ಪರಿಶೋಧನೆ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ತುಮಕೂರಿನ ಕಡೆ ಒಂದು ಆಹಾರ ಸಂಸ್ಕರಣಾ ಘಟಕ ಏಳುತ್ತಿದೆ ಎಂದುಕೊಳ್ಳಿ. ಸಿವಿಲ್ ಕೆಲಸದ ಗುತ್ತಿಗೆ 12 ಕೋಟಿ ರೂಪಾಯಿ. ಪ್ರತಿಯೊಂದು ಬಗೆಯ ಕೆಲಸಕ್ಕೂ ದರ ಗೊತ್ತುಮಾಡಿದ್ದಾರೆ, ಪ್ರಮಾಣ ಎಷ್ಟಾಗುತ್ತದೋ ಅಷ್ಟಕ್ಕೆ ಹಣ. ಏಳನೇ ರನ್ನಿಂಗ್ ಬಿಲ್ ಬಂದಿದೆ. ಅದೂ ಸೇರಿದರೆ ಒಟ್ಟು 7.4 ಕೋಟಿ ರೂಪಾಯಿ.

ಪರಿಶೋಧಕರು ಮೊದಲು ಕಬ್ಬಿಣದ ಸಾಲಿಗೆ ಬರುತ್ತಾರೆ. ಈವರೆಗೆ ಕಟ್ಟಿದ ಕಂಬಿ 96 ಟನ್, ಟನ್ನಿಗೆ 78,000 ರೂಪಾಯಿ ಎಂದು ಬಿಲ್ ಹೇಳುತ್ತದೆ. ಅಳತೆ ಪುಸ್ತಕದಲ್ಲೂ ಅಷ್ಟೇ ಇದೆ, ಸಹಿಯೂ ಇದೆ. ಆದರೆ ಬಿಲ್ ಹುಟ್ಟಿದ್ದೇ ಆ ಪುಸ್ತಕದಿಂದ. ಹಾಗಾಗಿ ಎರಡೂ ತಾಳೆಯಾಗುವುದರಲ್ಲಿ ವಿಶೇಷವೇನಿಲ್ಲ. ಬೇಕಾದದ್ದು ಬಿಲ್ ಬರೆದವರ ಕೈ ಮುಟ್ಟದ ದಾಖಲೆ. ಅಂಥದ್ದು ಗೇಟಿನಲ್ಲಿರುತ್ತದೆ. ಲಾರಿ ಒಳಗೆ ಬಂದಾಗಲೆಲ್ಲ ವಾಚ್‌ಮನ್ ರಿಜಿಸ್ಟರಿನಲ್ಲಿ ಬರೆದಿದ್ದಾನೆ, ಜತೆಗೆ ವೇ ಬ್ರಿಡ್ಜ್ ಚೀಟಿ ಇದೆ. ಎಲ್ಲ ಕೂಡಿಸಿದರೆ ಸೈಟಿಗೆ ಬಂದ ಕಬ್ಬಿಣ 98 ಟನ್. ಅಂಗಳದಲ್ಲಿ ಕಟ್ಟದೆ ಉಳಿದಿರುವ ಕಂಬಿ ತೂಕ ಮಾಡಿಸಿದರೆ 6 ಟನ್. ಅಂದರೆ ಕತ್ತರಿಸಿ ಉಳಿದ ತುಂಡುಗಳನ್ನೂ ಸೇರಿಸಿ ಹೆಚ್ಚೆಂದರೆ 92 ಟನ್ ಬಳಕೆಯಾಗಿರಬಹುದು. 96 ಟನ್ ಕಟ್ಟಲು ಸಾಧ್ಯವೇ ಇಲ್ಲ.

ಹಾಗಾದರೆ ಸರಿಯಾದ ಅಂಕಿ ಯಾವುದು? ಇದಕ್ಕೆ ನಕ್ಷೆಗೆ ಹೋಗಬೇಕು. ಯಾವ ಫೂಟಿಂಗಿಗೆ ಯಾವ ದಪ್ಪದ ಕಂಬಿ, ಎಷ್ಟು ಉದ್ದ, ಎಷ್ಟು ತುಂಡು ಎಂದು ಬಾರ್ ಬೆಂಡಿಂಗ್ ಷೆಡ್ಯೂಲ್ ಹೇಳುತ್ತದೆ. ಉದ್ದವನ್ನು ತೂಕಕ್ಕೆ ತಿರುಗಿಸುವ ಸೂತ್ರ ಸೈಟಿನಲ್ಲಿ ಎಲ್ಲರಿಗೂ ಬಾಯಿಪಾಠ: ಮಿಲಿಮೀಟರಿನಲ್ಲಿರುವ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ. 16 ಮಿ.ಮೀ. ಕಂಬಿಗೆ ಅದು 1.58 ಕಿಲೋ. ಹೀಗೆ ಲೆಕ್ಕ ಹಾಕಿದಾಗ ಬಂದದ್ದು 90.5 ಟನ್. ಕತ್ತರಿಸಿ ಉಳಿದ ತುಂಡು ಒಂದೂವರೆ ಟನ್ ಎಂದರೆ ಗೇಟಿನ 92 ಟನ್ನಿಗೆ ಸರಿಹೋಗುತ್ತದೆ. ಆ ತುಂಡುಗಳ ನಷ್ಟ ದರದಲ್ಲೇ ಸೇರಿದೆ, ಬೇರೆ ಹಣವಿಲ್ಲ ಎಂದು ಗುತ್ತಿಗೆ ಕರಾರಿನಲ್ಲಿದೆ.

ಉಳಿದ 5.5 ಟನ್ ಎಲ್ಲಿಂದ ಬಂತು? ಪುಸ್ತಕದ ಪುಟಗಳನ್ನು ಫೂಟಿಂಗ್ ಸಂಖ್ಯೆಯ ಪ್ರಕಾರ ಜೋಡಿಸಿ ನೋಡಿದಾಗ ಗೊತ್ತಾಗುತ್ತದೆ. 14ರಿಂದ 21ರವರೆಗಿನ ಎಂಟು ಫೂಟಿಂಗುಗಳ ಮತ್ತು ಅವುಗಳ ಕಾಲಂಗಳ ಕಂಬಿ ಐದನೇ ಬಿಲ್ಲಿನಲ್ಲೂ ಇದೆ, ಏಳನೇ ಬಿಲ್ಲಿನಲ್ಲೂ ಇದೆ. ಮಧ್ಯೆ ಸೈಟ್ ಎಂಜಿನಿಯರ್ ಬದಲಾಗಿದ್ದರು. ಒಂದು ಕಡೆ ಫೂಟಿಂಗಿನ ಸಂಖ್ಯೆ ಬರೆದಿದ್ದಾರೆ, ಇನ್ನೊಂದು ಕಡೆ ಗ್ರಿಡ್ ಗೆರೆಯ ಹೆಸರು ಬರೆದಿದ್ದಾರೆ. ಹೆಸರು ಬೇರೆಯಾದ್ದರಿಂದ ಕಣ್ಣಿಗೆ ಬಿದ್ದಿಲ್ಲ. ಹೆಚ್ಚಾದ ಹಣ 4,29,000 ರೂಪಾಯಿ. ಇದರಲ್ಲಿ ಮೋಸವೇ ಇರಬೇಕೆಂದಿಲ್ಲ. ಆದರೆ ಒಂದೇ ಕೆಲಸ ಎರಡು ಸಲ ಅಳತೆಗೆ ಬರುವುದು ಈ ಕ್ಷೇತ್ರದ ಹಳೆಯ ಕಾಯಿಲೆ. ಅದಕ್ಕೆ ಮದ್ದು, ಪ್ರತಿ ಅಳತೆಗೂ ನಕ್ಷೆಯಲ್ಲಿರುವ ಗುರುತನ್ನೇ ಕಡ್ಡಾಯ ಮಾಡುವುದು.

ಎರಡನೆಯದು ಅಗೆತ. ಒಟ್ಟು 2,400 ಘನ ಮೀಟರ್ ಅಗೆದಿದ್ದಾರೆ, ಅದರಲ್ಲಿ 900 ಘನ ಮೀಟರ್ ಗಟ್ಟಿ ಬಂಡೆ ಎಂದು ಬಿಲ್ ಹೇಳುತ್ತದೆ. ಮಣ್ಣಿಗೆ ಘನ ಮೀಟರಿಗೆ 210 ರೂಪಾಯಿ, ಬಂಡೆಗೆ 1,150. ಒಟ್ಟು ಪ್ರಮಾಣ ಸರಿಯಾಗಿದ್ದರೂ ಮಣ್ಣನ್ನು ಬಂಡೆಯೆಂದು ಬರೆದ ಪ್ರತಿ ಘನ ಮೀಟರಿಗೂ 940 ರೂಪಾಯಿ ಹೆಚ್ಚು ಹೋಗುತ್ತದೆ.

ಕಟ್ಟಡ ಶುರುವಾಗುವ ಮೊದಲು ಮಣ್ಣು ಪರೀಕ್ಷೆಗೆಂದು ಕೊರೆದ ಬೋರ್‌ಗಳ ವರದಿಯಲ್ಲಿ ಬಂಡೆ ಸಿಗುವುದು ಸುಮಾರು 2.3 ಮೀಟರ್ ಆಳದಲ್ಲಿ. ಗುಂಡಿಗಳ ಆಳ 2.8 ಮೀಟರ್. ಅಂದರೆ ಬಂಡೆ ಅರ್ಧ ಮೀಟರಿನಷ್ಟು. ಎಲ್ಲ ಗುಂಡಿಗಳನ್ನೂ ಸೇರಿಸಿದರೆ ಸುಮಾರು 430 ಘನ ಮೀಟರ್. ಬಿಲ್ಲಿನಲ್ಲಿರುವುದು ಅದರ ಎರಡು ಪಟ್ಟಿಗೂ ಹೆಚ್ಚು. ಅಷ್ಟು ಬಂಡೆ ಒಡೆದಿದ್ದರೆ ಬ್ರೇಕರ್ ಯಂತ್ರದ ಬಾಡಿಗೆ ಚೀಟಿ, ಡೀಸೆಲ್ ಲೆಕ್ಕ, ಒಂದೆಡೆ ಪೇರಿಸಿಟ್ಟ ಕಲ್ಲು ಇರಬೇಕು. ಪೇರಿಸಿದ ರಾಶಿಯಲ್ಲಿ ಸಂದುಗಳಿರುವುದರಿಂದ ಅದರ ಅಳತೆಯಲ್ಲಿ ಅರ್ಧವನ್ನು ಕಳೆಯುವುದು ರೂಢಿ. ಕಳೆದ ಮೇಲೆ ಇಲ್ಲಿ ಸಿಕ್ಕದ್ದು 410 ಘನ ಮೀಟರ್.

ಇಷ್ಟಾದರೂ ಪರಿಶೋಧಕರು ‘ಸುಳ್ಳು ಬಿಲ್’ ಎಂದು ಬರೆಯುವಂತಿಲ್ಲ. ಬೋರ್ ಕೊರೆದದ್ದು ಕೆಲವೇ ಕಡೆ, ಎರಡು ಬೋರ್‌ಗಳ ನಡುವೆ ಬಂಡೆ ಮೇಲೆದ್ದಿರಬಹುದು. ಒಂದಿಷ್ಟು ಕಲ್ಲು ಹೊರಗೆ ಹೋಗಿರಲೂಬಹುದು. ಮಣ್ಣು ಮುಗಿದು ಬಂಡೆ ಕಂಡ ದಿನವೇ ಎರಡೂ ಕಡೆಯವರು ನಿಂತು ಮಟ್ಟ ಬರೆದಿಟ್ಟಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ. ಈಗ ಗುಂಡಿಗಳು ಮುಚ್ಚಿವೆ. ಅವರು ಮಾಡಬಹುದಾದದ್ದು ಇಷ್ಟು: 470 ಘನ ಮೀಟರಿನ ವ್ಯತ್ಯಾಸ, ಅಂದರೆ 4,41,800 ರೂಪಾಯಿ ತಡೆಹಿಡಿಯಿರಿ, ಜಂಟಿ ದಾಖಲೆ ಅಥವಾ ದಿನಾಂಕವಿರುವ ಫೋಟೊ ತರಿಸಿ, ಇನ್ನೂ ಮುಚ್ಚದ ಗುಂಡಿಗಳನ್ನು ಈ ವಾರವೇ ಇಬ್ಬರೂ ಸೇರಿ ಅಳೆಯಿರಿ ಎಂದು ಬರೆಯುವುದು. ಹಣ ಹೋದ ಮೇಲೆ ಇದೇ ಮಾತು ಬರೆದಿದ್ದರೆ ಅದು ವ್ಯಾಜ್ಯವಾಗುತ್ತಿತ್ತು.

ಮೂರನೆಯದು ಮೈಲಿಗಲ್ಲು. ಮೊದಲ ಚಾವಣಿ ಮಾರ್ಚ್ 31ರೊಳಗೆ ಮುಗಿದರೆ ಗುತ್ತಿಗೆದಾರರಿಗೆ 12 ಲಕ್ಷ ರೂಪಾಯಿ ಪ್ರೋತ್ಸಾಹಧನ. ಬ್ಯಾಂಕಿನ ಮುಂದಿನ ಸಾಲದ ಕಂತೂ ಅದೇ ಮೈಲಿಗಲ್ಲಿಗೆ ಕಟ್ಟಿಕೊಂಡಿದೆ. ಮುಗಿದಿದೆ ಎಂಬ ಪ್ರಮಾಣಪತ್ರಕ್ಕೆ 31ನೇ ತಾರೀಖಿನ ಸಹಿ ಬಿದ್ದಿದೆ. ಇಂಥ ಕಡೆ ಎರಡು ಪಕ್ಷಗಳಿಗೂ ಆ ತಾರೀಖು ಬೇಕಾಗಿರುತ್ತದೆ. ಹಾಗಾಗಿ ಎರಡು ಸಹಿ ಇದ್ದರೂ ಒಂದರಿಂದ ಇನ್ನೊಂದಕ್ಕೆ ಬಲ ಬರುವುದಿಲ್ಲ.

ಚಾವಣಿಗೆ ಬೇಕಾದ ಕಾಂಕ್ರೀಟ್ 180 ಘನ ಮೀಟರ್. ರೆಡಿ ಮಿಕ್ಸ್ ಲಾರಿ ಸಲಕ್ಕೆ 6 ಘನ ಮೀಟರ್ ತರುತ್ತದೆ, ಅಂದರೆ 30 ಟ್ರಿಪ್. ಹೊತ್ತು, ತಾರೀಖು ಅಚ್ಚಾಗಿರುವ ಚಲನ್‌ಗಳನ್ನು ಎಣಿಸಿದರೆ 31ರವರೆಗೆ ಬಂದದ್ದು 20 ಟ್ರಿಪ್. ಉಳಿದ ಹತ್ತು ಬಂದದ್ದು ಏಪ್ರಿಲ್ 6ರಂದು. ಇನ್ನೊಂದು ಸಾಕ್ಷಿ ಕ್ಯೂಬ್ ರಿಜಿಸ್ಟರ್. ಕಾಂಕ್ರೀಟಿನ ಗಟ್ಟಿತನ ನೋಡಲು ಅದನ್ನು ಅಚ್ಚಿನಲ್ಲಿ ಹಾಕಿ 28 ದಿನದ ನಂತರ ಒಡೆದು ಪರೀಕ್ಷಿಸುತ್ತಾರೆ. ಐ.ಎಸ್. 456 ಎಂಬ ಭಾರತೀಯ ಮಾನಕದ ಪ್ರಕಾರ 180 ಘನ ಮೀಟರಿಗೆ ಕನಿಷ್ಠ 7 ಮಾದರಿ ಬೇಕು, ಮಾದರಿಗೆ ಮೂರು ಕ್ಯೂಬ್. ರಿಜಿಸ್ಟರಿನಲ್ಲಿ 31ರವರೆಗೆ ಇರುವುದು 6. ಚಲನ್ ಕೊಟ್ಟವರು ರೆಡಿ ಮಿಕ್ಸ್ ಕಂಪನಿಯವರು, ಕ್ಯೂಬ್ ಬರೆದವರು ಲ್ಯಾಬಿನವರು. ಇಬ್ಬರಿಗೂ ಪ್ರೋತ್ಸಾಹಧನದ ಗೊಡವೆಯಿಲ್ಲ. ಇಬ್ಬರ ದಾಖಲೆಯೂ ಒಂದೇ ಮಾತು ಹೇಳುತ್ತದೆ: ಮಾರ್ಚ್ 31ಕ್ಕೆ ಚಾವಣಿಯ ಮೂರನೇ ಎರಡು ಭಾಗ ಮಾತ್ರ ಆಗಿತ್ತು.

ಆದರೆ ತಪ್ಪಿನ ಬೇರು ಕರಾರಿನಲ್ಲೂ ಇದೆ. ‘ಚಾವಣಿ ಪೂರ್ಣ’ ಎಂದಷ್ಟೇ ಬರೆದಿದ್ದಾರೆ. ಸೆಂಟ್ರಿಂಗ್ ಮುಗಿದರೆ ಪೂರ್ಣವೇ, ಕಾಂಕ್ರೀಟ್ ಬಿದ್ದರೆ ಪೂರ್ಣವೇ, 28 ದಿನದ ಕ್ಯೂಬ್ ಪಾಸಾದರೆ ಪೂರ್ಣವೇ ಎಂದು ಹೇಳಿಲ್ಲ. ಯಾವ ದಾಖಲೆಯಿಂದ ಅದನ್ನು ರುಜುವಾತು ಮಾಡಬೇಕೆಂದೂ ಹೇಳಿಲ್ಲ. ಅಂಥ ಮೈಲಿಗಲ್ಲನ್ನು ಯಾರು ಎಲ್ಲಿ ಬೇಕಾದರೂ ನೆಡಬಹುದು.

ಇನ್ನು ವೆಚ್ಚ ಮಿತಿಮೀರುವ ಮಾತು. ಬೆಂಗಳೂರಿನ ನಮ್ಮ ಮೆಟ್ರೊ ಮೊದಲ ಹಂತ 2006ರಲ್ಲಿ ಮಂಜೂರಾದಾಗ ಅಂದಾಜು 6,395 ಕೋಟಿ ರೂಪಾಯಿ, ಮಾರ್ಗ 33 ಕಿ.ಮೀ. 2017ರಲ್ಲಿ ಪೂರ್ತಿಯಾದಾಗ ಮಾರ್ಗ 42.3 ಕಿ.ಮೀ. ಆಗಿತ್ತು, ವೆಚ್ಚ ಎರಡು ಪಟ್ಟು ದಾಟಿತ್ತು. ವೆಚ್ಚ ದುಪ್ಪಟ್ಟು ಎಂದಷ್ಟೇ ಹೇಳಿದರೆ ಏನೂ ತಿಳಿಯುವುದಿಲ್ಲ. ಮಾರ್ಗ ಉದ್ದವಾದದ್ದಕ್ಕೆ ಎಷ್ಟು, ಬೆಲೆ ಏರಿದ್ದಕ್ಕೆ ಎಷ್ಟು, ತಡವಾದದ್ದಕ್ಕೆ ಎಷ್ಟು ಎಂದು ಬಿಡಿಸಿದರೆ ಮಾತ್ರ ಯಾರನ್ನು ಏನು ಕೇಳಬೇಕೆಂದು ಗೊತ್ತಾಗುತ್ತದೆ.

ನಮ್ಮ ಉದಾಹರಣೆಯ ಘಟಕವನ್ನೂ ಹಾಗೇ ಬಿಡಿಸೋಣ. 12 ಕೋಟಿಯ ಕೆಲಸ 14.1 ಕೋಟಿಗೆ ಮುಗಿಯುವ ಅಂದಾಜಿದೆ. ಹೆಚ್ಚಳ 2.1 ಕೋಟಿ. ಇದರಲ್ಲಿ 90 ಲಕ್ಷ, ಆಡಳಿತದವರೇ ನಡುವೆ ಸೇರಿಸಿದ ಕಚೇರಿ ಮಹಡಿಗೆ. 60 ಲಕ್ಷ, ಬಂಡೆಯೂ ಸೇರಿದಂತೆ ಅಂದಾಜಿಗಿಂತ ಹೆಚ್ಚಾದ ಪ್ರಮಾಣಕ್ಕೆ. 40 ಲಕ್ಷ, ಕರಾರಿನಂತೆ ಕೊಡಬೇಕಾದ ಬೆಲೆ ಏರಿಕೆಗೆ. 20 ಲಕ್ಷ, ನಕ್ಷೆ ತಡವಾಗಿ ಬಂದದ್ದರಿಂದ ಒಡೆದು ಕಟ್ಟಿದ ಕೆಲಸಕ್ಕೆ. ಮೊದಲನೆಯದು ಮಾಲೀಕರ ಆಯ್ಕೆ, ಕೊನೆಯದು ಶುದ್ಧ ನಷ್ಟ. ಆದರೆ 90 ಲಕ್ಷದ ಕಡತದಲ್ಲಿ ಇನ್ನೊಂದು ಸಂಗತಿಯಿದೆ: ಕೆಲಸ ಶುರುವಾದದ್ದು ಜನವರಿಯಲ್ಲಿ, ಮಂಜೂರಾತಿ ಸಿಕ್ಕದ್ದು ಏಪ್ರಿಲ್‌ನಲ್ಲಿ. ಕರಾರಿನಲ್ಲಿಲ್ಲದ ಹೆಚ್ಚುವರಿ ಕೆಲಸದ ದರವನ್ನು ಕಟ್ಟಿದ ಮೇಲೆ ಮಾತಾಡಿದರೆ ಚೌಕಾಸಿಗೆ ಜಾಗವಿರುವುದಿಲ್ಲ.

ಕೊನೆಗೊಂದು ಎಚ್ಚರಿಕೆ. 7.4 ಕೋಟಿ ಬಿಲ್ ಆಗಿದೆ ಎಂದರೆ ಕೆಲಸವೂ ಅದೇ ಪ್ರಮಾಣದಲ್ಲಿ ಆಗಿದೆ ಎಂದರ್ಥವಲ್ಲ. ಟೆಂಡರ್ ಹಾಕುವಾಗಲೇ ಅಗೆತ, ಪಾಯದಂಥ ಮೊದಲ ಕೆಲಸಗಳಿಗೆ ಹೆಚ್ಚು ದರ, ಪ್ಲಾಸ್ಟರ್, ನೆಲಹಾಸಿನಂಥ ಕೊನೆಯ ಕೆಲಸಗಳಿಗೆ ಕಡಿಮೆ ದರ ಬರೆಯುವ ಪರಿಪಾಠವಿದೆ. ಹಣ ಬೇಗ ಕೈಸೇರುತ್ತದೆ, ಕೊನೆಯ ಕೆಲಸದಲ್ಲಿ ಲಾಭ ಉಳಿಯದೆ ಸೈಟಿನಲ್ಲಿ ಆಳುಗಳು ಕಮ್ಮಿಯಾಗುತ್ತಾರೆ. ಉಳಿದ ಕೆಲಸವನ್ನು ಇಂದಿನ ಮಾರುಕಟ್ಟೆ ದರದಲ್ಲಿ ಲೆಕ್ಕ ಹಾಕಿ, ಕೊಡಲು ಉಳಿದಿರುವ ಹಣದ ಜತೆ ಹೋಲಿಸಿದರೆ ಇದು ತಿಂಗಳುಗಳ ಮೊದಲೇ ಕಾಣುತ್ತದೆ.

ಆದ್ದರಿಂದ ಕಾಮಗಾರಿಯ ಮಾಲೀಕರು ಕೇಳಬೇಕಾದದ್ದು ಪರಿಶೋಧನಾ ವರದಿ ಎಷ್ಟು ದಪ್ಪವಿದೆ ಎಂದಲ್ಲ, ಪರಿಶೋಧಕರು ಸೈಟಿಗೆ ಬಂದದ್ದು ಯಾವಾಗ ಎಂದು. ಪಾಯ ತೆರೆದಿರುವಾಗ, ಕಂಬಿ ಕಟ್ಟಿ ಕಾಂಕ್ರೀಟ್ ಬೀಳುವ ಮುನ್ನ, ಮೈಲಿಗಲ್ಲಿನ ಪ್ರಮಾಣಪತ್ರಕ್ಕೆ ಹಣ ಬಿಡುಗಡೆಯಾಗುವ ಮುನ್ನ, ಹೀಗೆ ಮೂರು ಭೇಟಿಗಳನ್ನು ಕಾಮಗಾರಿಯ ವೇಳಾಪಟ್ಟಿಯಲ್ಲೇ ಬರೆದಿಡಲಿ. ನಮ್ಮ ಉದಾಹರಣೆಯಲ್ಲಿ ಒಂದೇ ಬಿಲ್ಲಿನಲ್ಲಿ ಪ್ರಶ್ನೆಗೆ ಬಂದ ಹಣ 20 ಲಕ್ಷ ದಾಟಿತು. ಅದರಲ್ಲಿ ಬಂಡೆಯ ಬಾಬ್ತು ಮಾತ್ರ ಇಂದಿಗೂ ಇತ್ಯರ್ಥವಾಗದೆ ಉಳಿದಿದೆ, ಏಕೆಂದರೆ ಗುಂಡಿ ತೆರೆದಿದ್ದಾಗ ಅಲ್ಲಿ ಯಾರೂ ಅಳತೆ ಪಟ್ಟಿ ಹಿಡಿದು ನಿಂತಿರಲಿಲ್ಲ.