‘ಈ ಹತ್ತು ತಿಂಗಳು ಎಲ್ಲಿದ್ರಿ?’ ಎಂದು ಕೇಳಿದರೆ ಐದಾರು ಸಾಲು ಸಾಕು

ರೆಸ್ಯೂಮೆ ಕಳಿಸಿ ಎರಡು ದಿನಕ್ಕೆ ಕಂಪನಿಯಿಂದ ಒಂದು ಪುಟ್ಟ ಮೇಲ್ ಬರುತ್ತದೆ. ‘ನಿಮ್ಮ ಪ್ರೊಫೈಲ್ ನಮಗೆ ಹಿಡಿಸಿದೆ. 2024ರ ಏಪ್ರಿಲ್‌ನಿಂದ 2025ರ ಜನವರಿಯವರೆಗಿನ ಗ್ಯಾಪ್ ಬಗ್ಗೆ ವಿವರ ಕೊಡಿ.’ ಕೇಳಿದ್ದು ಒಂದೇ ಪ್ರಶ್ನೆ. ಆದರೆ ಆ ಹತ್ತು ತಿಂಗಳು ಕಾಯಿಲೆಯಲ್ಲಿ ಕಳೆದವರಿಗೆ ಅದನ್ನು ಓದುತ್ತಿದ್ದಂತೆ ಕೈ ತಣ್ಣಗಾಗುತ್ತದೆ. ಎಷ್ಟು ಹೇಳಬೇಕು? ಕಾಯಿಲೆಯ ಹೆಸರು ಬರೆಯಬೇಕಾ? ಬರೆಯದಿದ್ದರೆ ಮುಚ್ಚಿಟ್ಟ ಹಾಗಾಗುತ್ತದಾ?

ಉತ್ತರ ಸ್ಪಷ್ಟವಾಗಲಿ ಎಂದು ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ನೋಡೋಣ. ಸುಳ್ಯ ತಾಲ್ಲೂಕಿನ ಮರ್ಕಂಜದ ಒಬ್ಬ ಹುಡುಗಿ ಎಂದಿಟ್ಟುಕೊಳ್ಳಿ. ಬಿ.ಕಾಂ. ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿ ನಾಲ್ಕು ವರ್ಷ ಅಕೌಂಟ್ಸ್ ನೋಡಿಕೊಂಡವಳು. 2024ರ ಫೆಬ್ರವರಿಯಲ್ಲಿ ಬಿಡದ ಕೆಮ್ಮು, ಸಂಜೆ ಜ್ವರ. ಪರೀಕ್ಷೆ ಮಾಡಿಸಿದರೆ ಶ್ವಾಸಕೋಶದ ಕ್ಷಯ. ಮಾರ್ಚ್ ತಿಂಗಳಿಡೀ ಸಂಬಳವಿಲ್ಲದ ರಜೆ ಹಾಕಿ, ಮಾರ್ಚ್ 31ಕ್ಕೆ ರಾಜೀನಾಮೆ ಕೊಟ್ಟು ಊರಿಗೆ ಬಂದಳು. ಮಾತ್ರೆಗೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಮಾರ್ಚ್ ಮಧ್ಯದಲ್ಲಿ ಶುರುವಾದ ಮಾತ್ರೆ ಸೆಪ್ಟೆಂಬರ್ ಮಧ್ಯಕ್ಕೆ ಮುಗಿಯಿತು. ಕಳೆದುಕೊಂಡ ತೂಕ ಮತ್ತೆ ಬರಲು ಇನ್ನೊಂದೂವರೆ ತಿಂಗಳು ಬೇಕಾಯಿತು. ನವೆಂಬರ್‌ನಿಂದ ಊರಲ್ಲೇ ಒಬ್ಬರು ಅಡಿಕೆ ವ್ಯಾಪಾರಿಯ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳತೊಡಗಿದಳು. ಫೆಬ್ರವರಿ ಬಂದಾಗ ಮತ್ತೆ ಬೆಂಗಳೂರಿನ ಕೆಲಸ ಹುಡುಕುತ್ತಿದ್ದಾಳೆ.

ಮೊದಲ ಕರಡು ಯಾಕೆ ಕೆಡುತ್ತದೆ

ಇಂಥ ಮೇಲ್‌ನ ಮೊದಲ ಕರಡು ಸಾಮಾನ್ಯವಾಗಿ ಮೊಬೈಲ್‌ನಲ್ಲಿ ಎರಡು ಸ್ಕ್ರೀನ್ ಉದ್ದ ಇರುತ್ತದೆ. ‘ದುರದೃಷ್ಟವಶಾತ್’ ಎಂದು ಶುರು. ಆಮೇಲೆ ಕೆಮ್ಮು, ಎಕ್ಸ್‌ರೇ, ಮಂಗಳೂರಿಗೆ ಓಡಾಡಿದ್ದು, ಅಮ್ಮ ಹೆದರಿದ್ದು. ನಡುವೆ ಎರಡು ಕಡೆ ‘ಕ್ಷಮಿಸಿ’. ಕೊನೆಗೆ ‘ದಯವಿಟ್ಟು ಒಂದು ಅವಕಾಶ ಕೊಡಿ’. ನಂಬಿಕೆ ಬರಲಿ ಎಂದು ಆಸ್ಪತ್ರೆಯ ಪೇಪರುಗಳ ಪಿಡಿಎಫ್ ಬೇರೆ.

ಇದರಲ್ಲಿ ಸುಳ್ಳು ಒಂದೂ ಇಲ್ಲ. ತೊಂದರೆ ಇರುವುದು ಓದುವವರ ಕಡೆಯಿಂದ. ಪ್ರಶ್ನೆ ಕೇಳಿದ ಎಚ್‌ಆರ್‌ಗೆ ನಿಜಕ್ಕೂ ತಿಳಿಯಬೇಕಾದದ್ದು ನಾಲ್ಕೇ ಸಂಗತಿ: ಎಷ್ಟು ದಿನ, ಯಾಕೆ, ಈಗ ಕೆಲಸ ಮಾಡಲು ಆಗುತ್ತದಾ, ಯಾವಾಗ ಬರುತ್ತೀರಿ. ಉದ್ದದ ಮೇಲ್‌ನಲ್ಲಿ ಮೂರನೆಯದು ಎಲ್ಲೋ ಹೂತುಹೋಗಿರುತ್ತದೆ, ನಾಲ್ಕನೆಯದು ಇರುವುದೇ ಇಲ್ಲ. ಓದಿ ಮುಗಿಸಿದವರ ತಲೆಯಲ್ಲಿ ಉಳಿಯುವುದು ಕಾಯಿಲೆ ಮಾತ್ರ.

ಇನ್ನೊಂದು, ಆ ಮೇಲ್ ಒಬ್ಬರ ಬಳಿಯೇ ಇರುವುದಿಲ್ಲ. ಎಚ್‌ಆರ್ ಅದನ್ನು ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡುತ್ತಾರೆ, ಮ್ಯಾನೇಜರ್ ಸಂದರ್ಶನ ಮಾಡುವವರಿಗೆ ಕಳಿಸುತ್ತಾರೆ. ನಾಳೆ ನಿಮ್ಮ ಪಕ್ಕದ ಸೀಟಿನಲ್ಲಿ ಕೂರುವವರೂ ಅವರಲ್ಲಿ ಒಬ್ಬರಿರಬಹುದು. ಎದುರು ಕೂತು ಹೇಳಿದ ಮಾತು ಮರೆತುಹೋಗುತ್ತದೆ, ಮೇಲ್ ಹಾಗಲ್ಲ. ಪೂರ್ತಿ ಚಿಕಿತ್ಸೆ ಪಡೆದು ಗುಣವಾದವರಿಂದ ಕ್ಷಯ ಹರಡುವುದಿಲ್ಲ. ಆದರೂ ‘ಟಿಬಿ’ ಎಂಬ ಎರಡಕ್ಷರ ಓದಿದ ಕೂಡಲೇ ಹಿಂದೆ ಸರಿಯುವವರು ಇನ್ನೂ ಇದ್ದಾರೆ. ಹಾಗಾಗಿ ಮೇಲ್‌ನಲ್ಲಿ ಕಾಯಿಲೆಯ ಹೆಸರು ಬೇಡ. ‘ಆರೋಗ್ಯದ ಕಾರಣ’ ಎಂಬುದು ನಿಜವೂ ಹೌದು, ಸಾಕೂ ಹೌದು.

ಬರೆಯುವ ಮೊದಲು ದಿನಾಂಕ ನೋಡಿ

ಬಹಳ ಜನ ಎಡವುವುದು ಇಲ್ಲಿ. ನಮ್ಮ ಹುಡುಗಿಗೆ ಕೊನೆಯ ಸಂಬಳ ಬಂದದ್ದು ಫೆಬ್ರವರಿಗೆ. ಆದ್ದರಿಂದ ‘ಮಾರ್ಚ್‌ನಿಂದ ಕೆಲಸದಲ್ಲಿರಲಿಲ್ಲ’ ಎಂದು ಬರೆಯಬೇಕು ಅನಿಸುತ್ತದೆ. ಆದರೆ ರಿಲೀವಿಂಗ್ ಲೆಟರ್‌ನಲ್ಲಿ ಇರುವುದು ಮಾರ್ಚ್ 31. ಪಿಎಫ್ ಪಾಸ್‌ಬುಕ್ ತೆರೆದರೆ ಸಂಬಳವಿಲ್ಲದ ಮಾರ್ಚ್ ತಿಂಗಳಿಗೆ ದುಡ್ಡು ಜಮೆಯಾಗಿರುವುದಿಲ್ಲ. ರೆಸ್ಯೂಮೆಯಲ್ಲಿ ಒಂದು, ಲೆಟರ್‌ನಲ್ಲಿ ಒಂದು, ಮೇಲ್‌ನಲ್ಲಿ ಇನ್ನೊಂದು ತಿಂಗಳಿದ್ದರೆ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವವರು ಅದನ್ನು ವ್ಯತ್ಯಾಸ ಎಂದು ಗುರುತು ಹಾಕುತ್ತಾರೆ. ಅವರಿಗೆ ನಿಮ್ಮ ಕಾಯಿಲೆ ಗೊತ್ತಿಲ್ಲ, ಹೊಂದದ ದಿನಾಂಕ ಮಾತ್ರ ಕಾಣುತ್ತದೆ.

ಹಾಗಾಗಿ ರಿಲೀವಿಂಗ್ ಲೆಟರ್‌ನ ದಿನಾಂಕವನ್ನೇ ಆಧಾರವಾಗಿ ಇಟ್ಟುಕೊಳ್ಳಿ. ಇವಳ ಗ್ಯಾಪ್ ಶುರುವಾಗುವುದು ಏಪ್ರಿಲ್‌ನಿಂದ. ಮಾರ್ಚ್ ಬಗ್ಗೆ ಯಾರಾದರೂ ಕೇಳಿದರೆ ‘ಆ ತಿಂಗಳು ಸಂಬಳರಹಿತ ರಜೆಯಲ್ಲಿದ್ದೆ’ ಎಂಬ ಉತ್ತರ ಸಿದ್ಧ ಇರಲಿ.

ಗ್ಯಾಪ್ ಮುಚ್ಚಲು ‘ಫ್ರೀಲಾನ್ಸ್ ಮಾಡ್ತಿದ್ದೆ’ ಎಂದು ಬರೆಯುವವರೂ ಇದ್ದಾರೆ. ಮಾಡಿದ್ದರೆ ಬರೆಯಿರಿ. ಮಾಡದಿದ್ದರೆ ಬೇಡ, ಬಿಲ್ ಎಲ್ಲಿ, ದುಡ್ಡು ಯಾವ ಖಾತೆಗೆ ಬಂತು ಎಂದು ಕೇಳಿದಲ್ಲಿಗೆ ಆ ಮಾತು ನಿಂತುಹೋಗುತ್ತದೆ. ಕಾಯಿಲೆಯಿಂದ ಆದ ಗ್ಯಾಪ್‌ಗೆ ಕೆಲಸ ತಪ್ಪಬೇಕೆಂದೇನೂ ಇಲ್ಲ. ಅದನ್ನು ಮುಚ್ಚಲು ಹೇಳಿದ ಸುಳ್ಳು ಸಿಕ್ಕಿಬಿದ್ದರೆ ಆಫರ್ ಲೆಟರ್ ಬಂದ ಮೇಲೂ ಕೆಲಸ ಹೋಗಬಹುದು.

ಮೇಲ್ ಹೀಗಿರಲಿ

ಹೊಸ ಮೇಲ್ ಶುರು ಮಾಡಬೇಡಿ. ಅವರು ಕೇಳಿದ ಮೇಲ್‌ಗೇ ‘ರಿಪ್ಲೈ’ ಕೊಡಿ, ಸಬ್ಜೆಕ್ಟ್ ಬದಲಾಯಿಸಬೇಡಿ. ಸಾಧ್ಯವಾದರೆ ಅದೇ ದಿನ, ಇಲ್ಲವೇ ಮರುದಿನದೊಳಗೆ. ಕಚೇರಿಗೆ ಹೋಗುವುದು ಬಹುಶಃ ಇಂಗ್ಲಿಷ್ ಮೇಲ್. ಆದರೆ ಮೊದಲು ಕನ್ನಡದಲ್ಲಿ ಬರೆದುಕೊಂಡರೆ ಯಾವ ಮಾತು ಬೇಕು, ಯಾವುದು ಬೇಡ ಎಂದು ಬೇಗ ತಿಳಿಯುತ್ತದೆ.

> ನಮಸ್ಕಾರ,
>
> 2024ರ ಏಪ್ರಿಲ್‌ನಿಂದ 2025ರ ಜನವರಿಯವರೆಗೆ ಆರೋಗ್ಯದ ಕಾರಣಕ್ಕೆ ಪೂರ್ಣಾವಧಿ ಕೆಲಸದಿಂದ ಬಿಡುವು ತೆಗೆದುಕೊಂಡಿದ್ದೆ. ಚಿಕಿತ್ಸೆ ಸೆಪ್ಟೆಂಬರ್‌ನಲ್ಲಿ ಮುಗಿದಿದೆ. ಈಗ ಪೂರ್ತಿ ಗುಣವಾಗಿದ್ದೇನೆ.
>
> ನವೆಂಬರ್‌ನಿಂದ ಒಬ್ಬ ಅಡಿಕೆ ವ್ಯಾಪಾರಿಯ ಜಿಎಸ್‌ಟಿ ಲೆಕ್ಕವನ್ನು ಅರೆಕಾಲಿಕವಾಗಿ ನೋಡಿಕೊಳ್ಳುತ್ತಿದ್ದೇನೆ. ಅಕ್ಟೋಬರ್‌ನಲ್ಲಿ ಬಂದ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್‌ನಲ್ಲೂ ಕೆಲಸ ಮಾಡಿದ್ದೇನೆ.
>
> ಫೆಬ್ರವರಿ 17ರಿಂದ ಬೆಂಗಳೂರಿನ ಕಚೇರಿಗೆ ಬರಬಲ್ಲೆ. ಸಂದರ್ಶನಕ್ಕೆ ಈ ವಾರ ಯಾವ ದಿನವಾದರೂ ಆದೀತು.
>
> ವಂದನೆಗಳು

ಅಷ್ಟೇ. ಮೊಬೈಲ್‌ನ ಒಂದೇ ಸ್ಕ್ರೀನಿನಲ್ಲಿ ಓದಿ ಮುಗಿಯುತ್ತದೆ.

ಸಾಲುಗಳ ಅನುಕ್ರಮ ನೋಡಿ. ಮೊದಲ ವಾಕ್ಯವೇ ಪ್ರಶ್ನೆಗೆ ನೇರ ಉತ್ತರ: ತಿಂಗಳು ಮತ್ತು ಕಾರಣ. ‘ಬಿಡುವು ತೆಗೆದುಕೊಂಡಿದ್ದೆ’ ಎಂಬಲ್ಲಿ ನಿರ್ಧಾರ ಅವಳದ್ದು. ‘ಕೆಲಸ ಬಿಡಬೇಕಾಗಿ ಬಂತು’ ಎಂದಿದ್ದರೆ ಅದೇ ಸಂಗತಿ ದೂರಿನಂತೆ ಕೇಳುತ್ತಿತ್ತು. ಎರಡನೆಯ, ಮೂರನೆಯ ವಾಕ್ಯಗಳು ಕಾಯಿಲೆಯ ಅಧ್ಯಾಯವನ್ನು ಮುಗಿಸುತ್ತವೆ. ಚಿಕಿತ್ಸೆ ಮುಗಿದ ತಿಂಗಳು ಹೇಳಿದ್ದರಿಂದ ‘ಇನ್ನೂ ನಡೀತಿದೆಯಾ?’ ಎಂಬ ಪ್ರಶ್ನೆ ಏಳುವುದಿಲ್ಲ. ಅಲ್ಲಿಂದ ಮುಂದೆ ಮಾತು ಪೂರ್ತಿ ಕೆಲಸದ್ದು.

ಜಿಎಸ್‌ಟಿಯ ಆ ವಾಕ್ಯ ಅಲಂಕಾರಕ್ಕೆ ಇಟ್ಟದ್ದಲ್ಲ. ಹತ್ತು ತಿಂಗಳು ದೂರವಿದ್ದವರ ಬಗ್ಗೆ ಮ್ಯಾನೇಜರ್‌ಗೆ ಇರುವ ಇನ್ನೊಂದು ಅನುಮಾನ, ಕೆಲಸ ಮರೆತಿದ್ದಾರಾ ಎಂಬುದು. ಇವಳು ಊರಲ್ಲಿದ್ದಾಗಲೇ, 2024ರ ಅಕ್ಟೋಬರ್ 14ರಂದು, ಜಿಎಸ್‌ಟಿ ಪೋರ್ಟಲ್‌ನಲ್ಲಿ ಈ ಹೊಸ ವ್ಯವಸ್ಥೆ ಬಂತು. ಮಾರಿದವರು ಹಾಕಿದ ಬಿಲ್ಲನ್ನು ಕೊಂಡವರು ಅಲ್ಲೇ ಒಪ್ಪಬಹುದು, ತಿರಸ್ಕರಿಸಬಹುದು ಅಥವಾ ಬಾಕಿ ಇಡಬಹುದು. ರಜೆಯ ನಡುವೆ ಬಂದ ಬದಲಾವಣೆಯೂ ಕೈಗೆ ಸಿಕ್ಕಿದೆ ಎಂದ ಮೇಲೆ ‘ನಾನು ಅಪ್‌ಡೇಟ್ ಆಗಿದ್ದೇನೆ’ ಎಂದು ಬೇರೆ ಹೇಳಬೇಕಾಗಿಲ್ಲ. ನಿಮ್ಮದು ಬೇರೆ ಕ್ಷೇತ್ರವಾದರೆ ಆ ಅವಧಿಯಲ್ಲಿ ಅಲ್ಲಿ ಏನು ಬದಲಾಯಿತು ಎಂದು ಹುಡುಕಿ. ಏನೂ ಮಾಡಲಾಗದಷ್ಟು ಸುಸ್ತಾಗಿದ್ದರೆ ಆ ವಾಕ್ಯ ಬಿಟ್ಟುಬಿಡಿ. ಮಲಗಿದ್ದ ತಿಂಗಳುಗಳಿಗೆ ಆನ್‌ಲೈನ್ ಕೋರ್ಸ್‌ಗಳ ಪಟ್ಟಿ ತುಂಬುವ ಅಗತ್ಯ ಇಲ್ಲ.

ಕೊನೆಯ ಸಾಲಿನ ಊರು, ದಿನಾಂಕಕ್ಕೂ ಕಾರಣ ಇದೆ. ವಿಳಾಸದಲ್ಲಿ ಮರ್ಕಂಜ ಎಂದು ಕಂಡರೆ, ‘ಇವರು ಬೆಂಗಳೂರಿಗೆ ಬರ್ತಾರಾ, ಮನೆಯಿಂದಲೇ ಕೆಲಸ ಕೇಳ್ತಾರಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೇಳುವ ಮೊದಲೇ ಉತ್ತರ ಸಿಕ್ಕರೆ ಅವರ ಮುಂದಿನ ಮೇಲ್ ಸಂದರ್ಶನದ ಸಮಯದ್ದಾಗುತ್ತದೆ. ನಿಮ್ಮ ಮೇಲ್ ಸರಿಯಾಗಿದೆ ಎನ್ನಲು ಗುರುತೂ ಅದೇ. ಮರುತ್ತರದಲ್ಲಿ ‘ಏನಾಗಿತ್ತು?’ ಎಂದು ಬಂದರೆ, ಮೂರನೆಯ ವಾಕ್ಯ ಗಟ್ಟಿಯಾಗಿಲ್ಲ ಎಂದು ಅರ್ಥ.

ಇಂಗ್ಲಿಷಿಗೆ ತರುವಾಗ ಮೂರು ಮಾತುಗಳ ಮೇಲೆ ಕಣ್ಣಿಡಿ: ‘ಅನ್‌ಫಾರ್ಚುನೇಟ್ಲಿ’, ‘ಸಾರಿ’, ‘ಕೈಂಡ್ಲಿ ಕನ್ಸಿಡರ್’. ನಮ್ಮಲ್ಲಿ ವಿನಯ ಅಂದರೆ ತಗ್ಗಿ ಮಾತಾಡುವುದು, ಹಾಗಾಗಿ ಇವು ತಾವಾಗಿಯೇ ಬಂದುಬಿಡುತ್ತವೆ. ಕಾಯಿಲೆ ಬಿದ್ದದ್ದು ಯಾರಿಗೂ ಮಾಡಿದ ಅಪರಾಧ ಅಲ್ಲ, ಇಲ್ಲಿ ಕ್ಷಮೆಗೆ ಕೆಲಸವಿಲ್ಲ.

ಮತ್ತೆ ಕೆದಕಿ ಕೇಳಿದರೆ

ಸಂದರ್ಶನದಲ್ಲಿ ‘ಏನು ತೊಂದರೆ ಇತ್ತು?’ ಎಂದು ಕೆಲವರು ಕೇಳುತ್ತಾರೆ. ‘ಚಿಕಿತ್ಸೆ ಮುಗಿದಿದೆ, ಈ ಕೆಲಸಕ್ಕೆ ಅದರಿಂದ ಏನೂ ಅಡ್ಡಿ ಇಲ್ಲ. ಬೇಕಿದ್ದರೆ ವೈದ್ಯರ ಫಿಟ್‌ನೆಸ್ ಸರ್ಟಿಫಿಕೇಟ್ ಕೊಡ್ತೇನೆ’ ಎಂದು ಹೇಳಿ ನಿಲ್ಲಿಸಿ. ಆ ಪತ್ರದಲ್ಲಿ ‘ಕೆಲಸಕ್ಕೆ ಅರ್ಹರು’ ಎಂದಿದ್ದರೆ ಸಾಕು, ಕಾಯಿಲೆಯ ಹೆಸರು ಇರಲೇಬೇಕೆಂದಿಲ್ಲ. ಬರೆಸುವಾಗಲೇ ವೈದ್ಯರಿಗೆ ಹೇಳಿ. ಡಿಸ್‌ಚಾರ್ಜ್ ಸಮ್ಮರಿ, ಸ್ಕ್ಯಾನ್ ವರದಿ ನಿಮ್ಮ ಬಳಿಯೇ ಇರಲಿ.

ಎಚ್‌ಐವಿ ವಿಷಯದಲ್ಲಿ ಕಾನೂನೇ ಗೆರೆ ಎಳೆದಿದೆ. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಇಡುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನಿಷೇಧಿಸುತ್ತದೆ.

ಆದರೆ ಹೆಸರು ಹೇಳದಿರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಆಫರ್ ಬಂದ ಮೇಲೆ ಕೆಲವು ಕಡೆ ಮೆಡಿಕಲ್ ಫಾರಂ ಇರುತ್ತದೆ. ಅದರಲ್ಲಿ ‘ಹಿಂದೆ ಕ್ಷಯ ಬಂದಿತ್ತೇ?’ ಎಂದು ನೇರವಾಗಿ ಕೇಳಿದ್ದರೆ, ಹೌದು ಎಂದು ಬರೆದು ಚಿಕಿತ್ಸೆ ಮುಗಿದ ತಿಂಗಳನ್ನೂ ಪಕ್ಕದಲ್ಲಿ ಹಾಕಿ. ಅಲ್ಲಿ ‘ಇಲ್ಲ’ ಎಂದು ಸಹಿ ಹಾಕಿದರೆ ಮುಂದೆ ಅದೇ ನಿಮ್ಮ ವಿರುದ್ಧ ದಾಖಲೆಯಾಗುತ್ತದೆ.

ಕಾಯಿಲೆ ಮುಗಿಯದೇ ಇದ್ದರೆ

ಎಲ್ಲ ಕಾಯಿಲೆಯೂ ಆರು ತಿಂಗಳ ಮಾತ್ರೆಗೆ ಮುಗಿಯುವುದಿಲ್ಲ. ಮೂರು ತಿಂಗಳಿಗೊಮ್ಮೆ ತಪಾಸಣೆ ಬೇಕಾಗಬಹುದು, ದಿನವೂ ಔಷಧಿ ಇರಬಹುದು, ಖಿನ್ನತೆಯಂಥದ್ದು ಮತ್ತೆ ಬರಬಹುದು. ಆಗ ‘ಪೂರ್ತಿ ಗುಣವಾಗಿದ್ದೇನೆ’ ಎಂಬ ವಾಕ್ಯ ನಿಮಗಲ್ಲ. ‘ಆರೋಗ್ಯ ಈಗ ಸ್ಥಿರವಾಗಿದೆ, ವೈದ್ಯರ ಒಪ್ಪಿಗೆಯೊಂದಿಗೆ ಪೂರ್ಣಾವಧಿ ಕೆಲಸಕ್ಕೆ ಮರಳುತ್ತಿದ್ದೇನೆ’ ಎಂದು ಬರೆಯಿರಿ. ಇದೂ ಅಷ್ಟೇ ಗಟ್ಟಿ ಮಾತು, ಮತ್ತು ಆರು ತಿಂಗಳಾದ ಮೇಲೂ ನಿಜವಾಗಿಯೇ ಉಳಿಯುತ್ತದೆ.

ತಿಂಗಳಿಗೊಂದು ದಿನ ಆಸ್ಪತ್ರೆಗೆ ಹೋಗಲು ರಜೆ ಬೇಕು, ರಾತ್ರಿ ಪಾಳಿ ಆಗದು ಎಂಬಂಥ ಅಗತ್ಯವನ್ನು ಈ ಮೇಲ್‌ನಲ್ಲಿ ಸೇರಿಸಬೇಡಿ. ಆಫರ್ ಲೆಟರ್ ಕೈಗೆ ಬಂದ ಮೇಲೆ, ಸಹಿ ಹಾಕುವ ಮೊದಲು ಕೇಳಿ. ಆಗ ಅವರು ನಿಮ್ಮನ್ನು ಆರಿಸಿ ಆಗಿರುತ್ತದೆ, ನಿಮಗೂ ಬೇಡ ಎನ್ನುವ ಅವಕಾಶ ಉಳಿದಿರುತ್ತದೆ. ಆದರೆ ಜಾಹೀರಾತಿನಲ್ಲೇ ‘ರಾತ್ರಿ ಪಾಳಿ ಕಡ್ಡಾಯ’ ಎಂದಿದ್ದರೆ ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಬ್ಬರ ಸಮಯವೂ ಉಳಿಯುತ್ತದೆ.

ಮೇಲ್ ಕಳಿಸುವ ಮೊದಲು ರಿಲೀವಿಂಗ್ ಲೆಟರ್ ತೆಗೆದು ದಿನಾಂಕವನ್ನು ಇನ್ನೊಮ್ಮೆ ಹೋಲಿಸಿ ನೋಡಿ. ಆಮೇಲೆ ‘ಸೆಂಡ್’ ಒತ್ತಿ, ಸಂದರ್ಶನಕ್ಕೆ ಓದಲು ಕೂತುಕೊಳ್ಳಿ.