ಗೆರೆ ದಾಟಿದ್ದೆಲ್ಲ ಬ್ರೇಕ್‌ಔಟ್ ಅಲ್ಲ: ವಾಲ್ಯೂಮ್ ನೋಡಿ, ರೀಟೆಸ್ಟ್‌ಗೆ ಕಾಯಿರಿ



ಸಂಘದ ಸಭೆ ಮುಗಿದು ಚಹಾ ಕುಡಿಯುವ ಹೊತ್ತಿಗೆ ಈಚೆಗೆ ಷೇರುಪೇಟೆಯ ಮಾತು ಬಾರದೆ ಇರುವುದಿಲ್ಲ. ನಿವೃತ್ತಿಯ ಹಣದ ಒಂದು ಪಾಲನ್ನು ಷೇರಿಗೆ ಹಾಕಿದವರು ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಮ್ಮಲ್ಲಿ ಹಲವರಿದ್ದಾರೆ. ಅವರ ಮೊಬೈಲಿಗೆ ಬರುವ ಸಂದೇಶ ಸಾಮಾನ್ಯವಾಗಿ ಒಂದೇ: "ಬ್ರೇಕ್‌ಔಟ್ ಆಗಿದೆ, ಇವತ್ತೇ ತಗೊಳ್ಳಿ." ಹಾಗೆ ತೆಗೆದುಕೊಂಡ ವಾರದಲ್ಲೇ ಬೆಲೆ ಇಳಿದು, ಮಾರಲು ಮನಸ್ಸಿಲ್ಲದೆ, ಇಟ್ಟುಕೊಳ್ಳಲು ಧೈರ್ಯವಿಲ್ಲದೆ ಕುಳಿತವರೂ ಇದ್ದಾರೆ. ಆದ್ದರಿಂದ ಈ ಬಾರಿ ಈ ವಿಷಯವನ್ನೇ ಬರೆಯುತ್ತಿದ್ದೇವೆ.

ಒಂದು ಷೇರು ಹಲವು ಸಲ ಒಂದೇ ಬೆಲೆಯ ಹತ್ತಿರ ಬಂದು ಹಿಂದಿರುಗುತ್ತಿದ್ದರೆ ಆ ಬೆಲೆಯನ್ನು ತಡೆಮಟ್ಟ ಎನ್ನುತ್ತಾರೆ. ಅಲ್ಲಿ ತಡೆ ಏಕೆಂದರೆ ಮಾರುವವರು ಕಾದಿರುತ್ತಾರೆ. ಹಿಂದೊಮ್ಮೆ ಅದೇ ಬೆಲೆಗೆ ಕೊಂಡು ಸಿಕ್ಕಿಬಿದ್ದವರು "ಅಸಲು ಬಂದರೆ ಸಾಕು" ಎಂದು ಅಲ್ಲಿ ಮಾರುತ್ತಾರೆ. ಬೆಲೆ ಈ ಮಟ್ಟವನ್ನು ದಾಟುವುದೇ ಬ್ರೇಕ್‌ಔಟ್. ದಾಟಿದ ಮೇಲೆ ನಿಂತರೆ ನಿಜ, ಕೆಲವೇ ದಿನಗಳಲ್ಲಿ ಮತ್ತೆ ಕೆಳಗೆ ಬಂದರೆ ಹುಸಿ. ಎರಡೂ ಮೊದಲ ದಿನ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ತಿಳಿಯಲು ಎರಡು ಪರೀಕ್ಷೆಗಳಿವೆ.

ಮೊದಲನೆಯದು ವಾಲ್ಯೂಮ್, ಅಂದರೆ ಆ ದಿನ ಎಷ್ಟು ಷೇರು ಕೈಬದಲಾಯಿತು ಎಂಬ ಲೆಕ್ಕ. ಅಡಿಕೆ ಬೆಳೆಗಾರರಿಗೆ ಇದು ಹೊಸ ಮಾತಲ್ಲ. ಅಂಗಡಿಯ ಬೋರ್ಡಿನಲ್ಲಿ ದರ ಏರಿಸಿ ಬರೆದರೆ ಸಾಲದು, ಆ ದರಕ್ಕೆ ಎಷ್ಟು ಚೀಲ ನಿಜವಾಗಿ ತೂಕವಾಯಿತು ಎಂದು ನಾವು ಕೇಳುತ್ತೇವೆ. ನಾಲ್ಕು ಚೀಲಕ್ಕೆ ಮಾತ್ರ ಆ ದರ ಸಿಕ್ಕಿದ್ದರೆ ಅದನ್ನು ಪೇಟೆಯ ದರ ಎನ್ನುವುದಿಲ್ಲ. ಷೇರಿನಲ್ಲೂ ಹಾಗೆಯೇ. ತಡೆಮಟ್ಟದಲ್ಲಿ ಮಾರಲು ಕಾದವರ ಸರಕನ್ನೆಲ್ಲ ಯಾರೋ ಕೊಂಡು ಮುಗಿಸಿದರೆ ಆ ದಿನದ ವಾಲ್ಯೂಮ್ ಏರಲೇಬೇಕು. ಏರದಿದ್ದರೆ ಮಾರುವವರು ಇನ್ನೂ ಅಲ್ಲೇ ಇದ್ದಾರೆಂದು ತಿಳಿಯಬೇಕು.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಒಂದು ಷೇರು ಆರು ತಿಂಗಳಲ್ಲಿ ಮೂರು ಸಲ 240 ರೂಪಾಯಿಯಿಂದ ಹಿಂದಿರುಗಿದೆ. ಕಳೆದ 20 ದಿನಗಳ ಸರಾಸರಿ ವಾಲ್ಯೂಮ್ 4 ಲಕ್ಷ. ಒಂದು ದಿನ ಅದು 251ಕ್ಕೆ ಏರಿ 242ಕ್ಕೆ ಮುಗಿಯಿತು, ವಾಲ್ಯೂಮ್ 4.2 ಲಕ್ಷ. ಗೆರೆ ದಾಟಿದೆ ನಿಜ, ಆದರೆ ಸರಕು ಎಂದಿನಷ್ಟೇ. ಮೇಲೆ ಹೋದ ಬೆಲೆಯನ್ನು ಮಾರುವವರು ಕೆಳಗೆ ತಳ್ಳಿದ್ದಾರೆ. ಇದನ್ನು ನಂಬಬಾರದು. ಅದೇ ಷೇರು 250ಕ್ಕೆ ಏರಿ 249ಕ್ಕೆ ಮುಗಿದು, ವಾಲ್ಯೂಮ್ 11 ಲಕ್ಷ ಆಗಿದ್ದರೆ ಮಾತು ಬೇರೆ. ಸರಾಸರಿಯ ಒಂದೂವರೆ ಪಾಲಿಗಿಂತ ಕಡಿಮೆ ಇದ್ದರೆ ಸಂಶಯ, ಎರಡು ಪಾಲು ಮೀರಿದರೆ ಗಮನ ಎಂಬುದು ಹಲವರು ಪಾಲಿಸುವ ರೂಢಿ. ಇದು ನಿಯಮವೇನಲ್ಲ. ಬೆಲೆಯನ್ನು ಮಧ್ಯಾಹ್ನ 3.30ಕ್ಕೆ ಪೇಟೆ ಮುಗಿದ ಮೇಲೆಯೇ ನೋಡಬೇಕು, ಬೆಳಗ್ಗೆ ಹತ್ತು ಗಂಟೆಗೆ ಅಲ್ಲ.

ಎರಡನೆಯದು ರೀಟೆಸ್ಟ್, ಅಂದರೆ ದಾಟಿದ ಗೆರೆಗೆ ಬೆಲೆ ಮರಳಿ ಬಂದು ಪರೀಕ್ಷೆಗೆ ಒಳಗಾಗುವುದು. ನಿಜವಾದ ಬ್ರೇಕ್‌ಔಟ್ ಆಗಿದ್ದರೆ ಹಿಂದೆ ತಡೆಯಾಗಿದ್ದ ಮಟ್ಟವೇ ಈಗ ಆಸರೆಯಾಗುತ್ತದೆ. ಅವಸರದಲ್ಲಿ ಮಾರಿದವರು ಅದೇ ಬೆಲೆಗೆ ಮತ್ತೆ ಕೊಳ್ಳುತ್ತಾರೆ, ತಪ್ಪಿಸಿಕೊಂಡವರೂ ಬರುತ್ತಾರೆ. ನಮ್ಮ ಉದಾಹರಣೆಯಲ್ಲಿ 249ರಿಂದ ಬೆಲೆ ನಾಲ್ಕೈದು ದಿನಗಳಲ್ಲಿ 241ಕ್ಕೆ ಇಳಿಯಿತು, ಆದರೆ ವಾಲ್ಯೂಮ್ 5 ಲಕ್ಷ, 3.5 ಲಕ್ಷ, 2.8 ಲಕ್ಷ ಎಂದು ಕುಗ್ಗುತ್ತ ಬಂತು ಎನ್ನಿ. ಮಾರುವವರ ಅವಸರ ಮುಗಿದಿದೆ ಎಂದರ್ಥ. ಆಮೇಲೆ ಒಂದು ದಿನ 6 ಲಕ್ಷ ವಾಲ್ಯೂಮ್‌ನೊಂದಿಗೆ 247ಕ್ಕೆ ಮುಗಿದರೆ ಪರೀಕ್ಷೆ ಪಾಸು. ಅದರ ಬದಲು ಇಳಿಯುವಾಗಲೇ ವಾಲ್ಯೂಮ್ ಏರಿ, 240ರ ಕೆಳಗೆ ದಿನ ಮುಗಿಸಿದರೆ ಅದು ಹುಸಿ. ಮೇಲೆ ಕೊಂಡವರು ಈಗ ನಷ್ಟದಲ್ಲಿ ಮಾರಲು ಹೊರಡುವುದರಿಂದ ಇಳಿತ ಬೇಗನೆ ಆಗುತ್ತದೆ.

ಈಗ ನಿಜವಾಗಿ ನಡೆದದ್ದು. ನಿಫ್ಟಿ ಸೂಚ್ಯಂಕ 2021ರ ಅಕ್ಟೋಬರ್ 19ರಂದು 18,604ಕ್ಕೆ ಏರಿ ಹಿಂದಿರುಗಿತ್ತು. ಒಂದು ವರ್ಷದ ಮೇಲೆ, 2022ರ ನವೆಂಬರ್ ಕೊನೆಯಲ್ಲಿ ಆ ಗೆರೆ ದಾಟಿ, ಡಿಸೆಂಬರ್ 1ರಂದು 18,887 ಮುಟ್ಟಿತು. ಎಲ್ಲೆಡೆ ಹೊಸ ದಾಖಲೆಯ ಸುದ್ದಿ. ಆದರೆ ಮರಳಿ ಬಂದಾಗ ಆಸರೆ ಸಿಗಲಿಲ್ಲ. ಡಿಸೆಂಬರ್ 7ರಂದು ದಿನದ ಕೊನೆಗೆ 18,604ರ ಕೆಳಗಿತ್ತು, 23ರಂದು ಸುಮಾರು 17,800ಕ್ಕೆ ಬಂದಿತ್ತು. ಮುಂದಿನ ಮಾರ್ಚಿನಲ್ಲಿ 17,000ಕ್ಕೂ ಕೆಳಗೆ ಹೋಯಿತು. ಡಿಸೆಂಬರ್ 1ರ ಸುದ್ದಿ ನೋಡಿ ಕೊಂಡವರು ಅಸಲು ಕಾಣಲು ಸುಮಾರು ಏಳು ತಿಂಗಳು ಕಾದರು.

2023ರ ಜೂನ್ 28ರಂದು ನಿಫ್ಟಿ 18,887ರ ಗೆರೆಯನ್ನೂ ದಾಟಿ 18,972ಕ್ಕೆ ಮುಗಿಯಿತು. ಸೆಪ್ಟೆಂಬರಿನಲ್ಲಿ 20,000 ಮೀರಿ, ಮತ್ತೆ ಇಳಿಯತೊಡಗಿತು. ಅಕ್ಟೋಬರ್ 26ರಂದು ಹಳೆಯ ಗೆರೆಗೇ ಬಂದು ನಿಂತಿತು. ಅಂದು ಮುಗಿದದ್ದು 18,857ರಲ್ಲಿ. ಮರುದಿನ 19,000ದ ಮೇಲೆ ಹೋಯಿತು, ಡಿಸೆಂಬರ್ ಮೊದಲ ದಿನವೇ ಹೊಸ ದಾಖಲೆ ಮಾಡಿತು. ಇದು ಪಾಸಾದ ರೀಟೆಸ್ಟ್. ಇದರಲ್ಲಿ ಎರಡು ಪಾಠಗಳಿವೆ. ರೀಟೆಸ್ಟ್ ವಾರದೊಳಗೇ ಬರಬೇಕೆಂದಿಲ್ಲ, ಇಲ್ಲಿ ನಾಲ್ಕು ತಿಂಗಳು ಬೇಕಾಯಿತು. ಗೆರೆಯೂ ದಾರದಷ್ಟು ತೆಳುವಲ್ಲ, ಒಂದು ದಿನ 30 ಅಂಶ ಕೆಳಗೆ ಮುಗಿದ ಮಾತ್ರಕ್ಕೆ ಅದು ಮುರಿಯಲಿಲ್ಲ. ಅದನ್ನು ಒಂದು ಪಟ್ಟಿಯೆಂದು ಭಾವಿಸಿ, ಸ್ವಲ್ಪ ಅಂತರ ಬಿಡಬೇಕು. ಸೂಚ್ಯಂಕವನ್ನೇ ಯಾರೂ ಕೊಳ್ಳುವುದಿಲ್ಲವಾದ್ದರಿಂದ ವಾಲ್ಯೂಮ್ ಪರೀಕ್ಷೆಯನ್ನು ಬಿಡಿ ಷೇರುಗಳಲ್ಲಿ ಮಾಡುವುದೇ ಸರಿ.

ಈ ಪರೀಕ್ಷೆಗಳೂ ಮೋಸಹೋಗುತ್ತವೆ. ಇಬ್ಬರು ದೊಡ್ಡವರ ನಡುವಿನ ಒಂದೇ ವ್ಯವಹಾರದಿಂದ ವಾಲ್ಯೂಮ್ ಉಬ್ಬಬಹುದು. ಚಿಕ್ಕ ಕಂಪೆನಿಗಳಲ್ಲಿ ಕೆಲವರು ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಂಡು ವಾಲ್ಯೂಮ್ ಹುಟ್ಟಿಸುವುದೂ ಉಂಟು. ಆದ್ದರಿಂದ ಎನ್‌ಎಸ್‌ಇ ಜಾಲತಾಣದಲ್ಲಿ ಸಿಗುವ ಡೆಲಿವರಿ ಪ್ರಮಾಣವನ್ನೂ ನೋಡಿ. ಅದೇ ದಿನ ಕೊಂಡು ಮಾರಿದ್ದನ್ನು ಕಳೆದು, ನಿಜವಾಗಿ ಖಾತೆಗೆ ಹೋದ ಷೇರು ಎಷ್ಟೆಂದು ಅದು ತೋರಿಸುತ್ತದೆ. ವಾಲ್ಯೂಮ್ ಏರಿದ್ದರೂ ಡೆಲಿವರಿ ಪಾಲು ಎಂದಿಗಿಂತ ತೀರ ಕುಸಿದಿದ್ದರೆ ದೂರವಿರುವುದು ಮೇಲು. ಇನ್ನು, ಕೆಲವು ಒಳ್ಳೆಯ ಷೇರುಗಳು ರೀಟೆಸ್ಟ್‌ಗೆ ಬಾರದೆಯೇ ಏರಿಬಿಡುತ್ತವೆ. ಕಾಯುವವರಿಗೆ ಅವು ತಪ್ಪಿಹೋಗುತ್ತವೆ. ಕಾಯುವುದಕ್ಕೆ ತೆರಬೇಕಾದ ಬೆಲೆ ಅದು.

ಎರಡೂ ಪರೀಕ್ಷೆ ಪಾಸಾದರೂ ಸೋಲು ಇದ್ದೇ ಇದೆ. ಹಾಗಾಗಿ ಕೊಳ್ಳುವ ಮೊದಲೇ ಎಲ್ಲಿ ಮಾರಬೇಕೆಂದು ಬರೆದಿಡಬೇಕು. ಮೇಲಿನ ಉದಾಹರಣೆಯಲ್ಲಿ 247ಕ್ಕೆ ಕೊಂಡು, 235ಕ್ಕೆ ಬಂದರೆ ಮಾರುವುದೆಂದು ಇಟ್ಟುಕೊಂಡರೆ ಷೇರೊಂದಕ್ಕೆ ನಷ್ಟ 12 ರೂಪಾಯಿ. ನಿಮಗೆ ತಾಳಬಹುದಾದ ನಷ್ಟ 3,000 ಆಗಿದ್ದರೆ 250 ಷೇರಿಗಿಂತ ಹೆಚ್ಚು ಕೊಳ್ಳಕೂಡದು. ಕೈಯಲ್ಲಿ ಐದು ಲಕ್ಷ ಇದ್ದರೂ ಅಷ್ಟೇ.

ನಾವು ಸೆಬಿಯಲ್ಲಿ ನೋಂದಾಯಿತ ಸಲಹೆಗಾರರಲ್ಲ. ಇಲ್ಲಿ ಯಾವ ಷೇರನ್ನೂ ಕೊಳ್ಳಿ ಎಂದಿಲ್ಲ. ಮುಂದಿನ ಸಲ "ಬ್ರೇಕ್‌ಔಟ್" ಎಂಬ ಸಂದೇಶ ಬಂದಾಗ ಸದಸ್ಯರು ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು: ಎಷ್ಟು ಚೀಲ ತೂಕವಾಯಿತು? ಮರಳಿ ಬಂದಾಗ ಗೆರೆ ತಾಳಿತೇ?

— ಕಾರ್ಯದರ್ಶಿ