ಹಳೆ ಬಿಲ್ಲಿಗೆ ಹೊಸ ತೆರಿಗೆ

ಕಳೆದ ಅಕ್ಟೋಬರ್ ಮೊದಲ ವಾರ ನಮ್ಮ ಭಾವನ ಸಗಟು ಮಳಿಗೆಗೆ ಕಿರಾಣಿ ಅಂಗಡಿಯವರೊಬ್ಬರು ಬಂದರು. ಸೆಪ್ಟೆಂಬರ್ 15, 2025ರಂದು ಒಯ್ದಿದ್ದ ಹತ್ತು ಬಾಕ್ಸ್ ಮೈಸೋಪಿನ ಬಿಲ್ಲು ಕಳೆದುಹೋಗಿದೆ, ಇನ್ನೊಂದು ಪ್ರಿಂಟ್ ಕೊಡಿ ಎಂದರು. ಭಾವ ಎಕ್ಸೆಲ್ ತೆಗೆದು, ಆ ಬಿಲ್ ನಂಬರ್ ಹುಡುಕಿ, ಪ್ರಿಂಟ್ ಒತ್ತಿಕೊಟ್ಟರು. ಅವರು ಕಾಗದ ನೋಡಿದರು, ಮೊಬೈಲಿನಲ್ಲಿ ಹಣ ಕಳಿಸಿದ ದಾಖಲೆ ನೋಡಿದರು, ಮತ್ತೆ ಕಾಗದ ನೋಡಿದರು. "ಸ್ವಾಮಿ, ಇದರಲ್ಲಿ 4,200 ಅಂತಿದೆ. ನನ್ನ ಹತ್ರ 4,720 ತಗೊಂಡಿದ್ದೀರಿ. 520 ರೂಪಾಯಿ ಎಲ್ಲಿ ಹೋಯ್ತು?"

ಆ ಸಂಜೆ ನನಗೆ ಫೋನು ಬಂತು. "ನೀನೇ ಅಲ್ವೇನೋ ಆ ಶೀಟು ಮಾಡಿಕೊಟ್ಟಿದ್ದು? ಬಂದು ನೋಡು." ಹೌದು, ಮಾಡಿಕೊಟ್ಟವನು ನಾನೇ.

ಆ ಶೀಟಿನ ಕಟ್ಟಡ ತೀರಾ ಸರಳ. ಒಂದೇ ಫೈಲಿನಲ್ಲಿ ಎರಡು ಹಾಳೆ. `Products` ಎಂಬ ಹಾಳೆಯಲ್ಲಿ ಒಂದೊಂದು ಸಾಮಾನಿಗೆ ಒಂದೊಂದು ಸಾಲು: A ಕಾಲಂನಲ್ಲಿ ಕೋಡು, B ಕಾಲಂನಲ್ಲಿ ಹೆಸರು, C ಕಾಲಂನಲ್ಲಿ ತೆರಿಗೆ ಸೇರಿಸದ ಬಾಕ್ಸಿನ ಬೆಲೆ, D ಕಾಲಂನಲ್ಲಿ ಜಿಎಸ್‌ಟಿ ದರ. ಮೈಸೋಪು 101, ಬೆಲೆ 400 ರೂಪಾಯಿ. ಟೂತ್‌ಪೇಸ್ಟ್ 102, ತಲೆಗೆಣ್ಣೆ 103, ಬಟ್ಟೆ ಒಗೆಯುವ ಪುಡಿ 105. ಇನ್ನೊಂದು `Orders` ಹಾಳೆ. ಅಲ್ಲಿ ಕೌಂಟರ್‌ನ ಹುಡುಗ ಬಿಲ್ ನಂಬರ್, ತಾರೀಖು, ಕೋಡು, ಎಷ್ಟು ಬಾಕ್ಸ್ ಎಂಬ ನಾಲ್ಕನ್ನು ಮಾತ್ರ ಹೊಡೆಯುತ್ತಾನೆ. ಬೆಲೆ ಮತ್ತು ತೆರಿಗೆಯನ್ನು ಫಾರ್ಮುಲಾ ಹೋಗಿ ತರುತ್ತದೆ.

```
E2: =VLOOKUP(C2,Products!$A$2:$D$200,3,FALSE)
F2: =VLOOKUP(C2,Products!$A$2:$D$200,4,FALSE)
G2: =ROUND(D2*E2*(1+F2),2)
```

ಮೊದಲ ಸಾಲನ್ನು ಮಾತಿನಲ್ಲಿ ಹೇಳಿದರೆ ಹೀಗೆ: C2ನಲ್ಲಿರುವ ಕೋಡನ್ನು ತಗೊಂಡು `Products` ಹಾಳೆಗೆ ಹೋಗು, ಅಲ್ಲಿ ಮೊದಲ ಕಾಲಂನಲ್ಲಿ ಮೇಲಿಂದ ಕೆಳಗೆ ಹುಡುಕು, ಸಿಕ್ಕ ಸಾಲಿನಲ್ಲಿ ಮೂರನೇ ಮನೆಯಲ್ಲಿ ಏನಿದೆಯೋ ಅದನ್ನು ತಂದುಕೊಡು. ತೆರಿಗೆಗೆ ನಾಲ್ಕನೇ ಮನೆ. ನಡುವಿನ ಡಾಲರ್ ಗುರುತುಗಳು ಫಾರ್ಮುಲಾವನ್ನು ಕೆಳಗೆ ಎಳೆದಾಗ ಪಟ್ಟಿಯ ಜಾಗ ಜಾರಿಹೋಗದಂತೆ ಹಿಡಿದಿಡುತ್ತವೆ. ಕೊನೆಯ `FALSE` ವಿಷಯಕ್ಕೆ ಈಗ ಬರುತ್ತೇನೆ. ನನ್ನ ಮೊದಲ ಅನುಮಾನ ಹೋದದ್ದೇ ಅದರ ಮೇಲೆ.

ಭಾವನ ಶೀಟಿನಲ್ಲಿ ಕೆಲವು ಸಾಲುಗಳಲ್ಲಿ ಆ `FALSE` ಇರಲೇ ಇಲ್ಲ. ಯಾರೋ ಫಾರ್ಮುಲಾ ಅಳಿಸಿ ಮತ್ತೆ ಕೈಯಲ್ಲಿ ಹೊಡೆದಿದ್ದರು, ಬಾಲ ಬಿಟ್ಟಿದ್ದರು. ಬಾಲ ಬಿಟ್ಟರೆ ಎಕ್ಸೆಲ್ ದೂರುವುದಿಲ್ಲ. `TRUE` ಎಂದು ತಾನೇ ಅಂದುಕೊಳ್ಳುತ್ತದೆ. ಆಗ ಅದು ಕೇಳಿದ ಕೋಡನ್ನೇ ತರಬೇಕೆಂದಿಲ್ಲ. ಅದು ಸಿಗದಿದ್ದರೆ ಅದಕ್ಕಿಂತ ಚಿಕ್ಕದರಲ್ಲಿ ಹತ್ತಿರದ್ದನ್ನು ತರುತ್ತದೆ. ನಮ್ಮ ಪಟ್ಟಿಯಲ್ಲಿ 104 ಇಲ್ಲ. ಆ ಬ್ರಾಂಡು ನಿಂತುಹೋಗಿ ಸಾಲನ್ನು ಅಳಿಸಿದ್ದರು. ಹುಡುಗ 105 ಹೊಡೆಯುವ ಬದಲು 104 ಹೊಡೆದಿದ್ದಾನೆ. ಸಿಗಬೇಕಾದದ್ದು ತಪ್ಪು ಸಂದೇಶ. ಸಿಕ್ಕಿದ್ದು 103ರ ಬೆಲೆ. ಒಗೆಯುವ ಪುಡಿ ಒಯ್ದವರಿಗೆ ತಲೆಗೆಣ್ಣೆಯ ದರ ಬಿತ್ತು. ಸೆಲ್ಲಿನಲ್ಲಿ ಕೆಂಪಿಲ್ಲ, ಗುರುತಿಲ್ಲ, ಎಲ್ಲ ಸರಿಯಿರುವಂತೆಯೇ ಕಾಣುತ್ತದೆ. ಪಟ್ಟಿ ಕೋಡಿನ ಏರಿಕೆ ಕ್ರಮದಲ್ಲಿ ಇಲ್ಲದಿದ್ದರಂತೂ ಇರುವ ಕೋಡಿಗೇ ಬೇರೆ ಸಾಮಾನಿನ ಬೆಲೆ ಬರಬಹುದು.

ಇಂಥ ಸಾಲುಗಳನ್ನು ಪತ್ತೆ ಮಾಡುವುದು ಸುಲಭ. `Products` ಹಾಳೆಯಲ್ಲಿ ಇಲ್ಲವೇ ಇಲ್ಲದ ಒಂದು ಕೋಡನ್ನು, 999 ಎನ್ನೋಣ, ಬೇಕೆಂದೇ ಹೊಡೆದು ನೋಡಿ. `#N/A` ಬಂದರೆ ಫಾರ್ಮುಲಾ ನೆಟ್ಟಗಿದೆ. ಬೆಲೆ ಬಂದರೆ ಬಾಲ ಇಲ್ಲ.

`#N/A` ಕಂಡರೆ ಜನರಿಗೆ ಸಿಟ್ಟು ಬರುತ್ತದೆ. ನನಗೆ ಆ ಗುರುತಿನ ಮೇಲೆ ಗೌರವವಿದೆ. ಸಿಗಲಿಲ್ಲ ಎಂದು ಮುಖಕ್ಕೆ ಹೇಳುತ್ತದೆ. ಅದನ್ನು ನೋಡಲಾರದೆ ಹಲವರು ಫಾರ್ಮುಲಾವನ್ನು `IFERROR(…,0)` ಒಳಗೆ ಕೂರಿಸುತ್ತಾರೆ. ಅಲ್ಲಿಗೆ ಸಿಗದ ಸಾಮಾನೆಲ್ಲ ಪುಕ್ಕಟೆ! ಬೆಲೆ ಸೊನ್ನೆ, ತೆರಿಗೆ ಸೊನ್ನೆ, ಬಿಲ್ಲಿನ ಮೊತ್ತ ಮಾತ್ರ ಅಚ್ಚುಕಟ್ಟು.

ಕೋಡು ಕಣ್ಣೆದುರೇ ಇದ್ದರೂ ಒಮ್ಮೊಮ್ಮೆ `#N/A` ಬರುವುದುಂಟು. ವಾಟ್ಸಾಪಿನಲ್ಲಿ ಬಂದ ಆರ್ಡರನ್ನು ಹಾಗೆಯೇ ತಂದು ಅಂಟಿಸಿದಾಗ ಇದು ಹೆಚ್ಚು. ನಮಗೆ 101 ಎಂದರೆ 101 ಅಷ್ಟೇ. ಎಕ್ಸೆಲ್‌ಗೆ ಅಂಕಿಯಾದ 101 ಬೇರೆ, ಅಕ್ಷರಗಳಾಗಿ ಬಂದು ಕೂತ 101 ಬೇರೆ. ಜೋಡಣೆಯನ್ನು ಯಾರೂ ಬದಲಿಸದಿದ್ದರೆ ಅಂಕಿ ಸೆಲ್ಲಿನ ಬಲಗೋಡೆಗೆ ಒರಗುತ್ತದೆ, ಅಕ್ಷರ ಎಡಗೋಡೆಗೆ. ಮೂಲೆಯಲ್ಲಿ ಪುಟ್ಟ ಹಸಿರು ತ್ರಿಕೋನವೂ ಇರಬಹುದು. ಅಲ್ಲೂ ಗೊತ್ತಾಗದಿದ್ದರೆ `=LEN(C2)` ಹಾಕಿ ನೋಡಿ. ಮೂರು ಬರಬೇಕಾದಲ್ಲಿ ನಾಲ್ಕು ಬಂದರೆ ಕೋಡಿನ ಹಿಂದೋ ಮುಂದೋ ಕಣ್ಣಿಗೆ ಕಾಣದ ಖಾಲಿ ಜಾಗವೊಂದು ಅಂಟಿಕೊಂಡಿದೆ. ಆ ಸೆಲ್ಲಿನ ಫಾರ್ಮ್ಯಾಟು `Text` ಆಗಿದ್ದರೆ `General` ಮಾಡಿ, ಅಳಿಸಿ ಕೈಯಲ್ಲಿ ಹೊಡೆದರೆ ಎರಡೂ ಕಾಯಿಲೆಗೆ ಮದ್ದು.

ಬಾಲವಿಲ್ಲದ ಸಾಲುಗಳನ್ನೆಲ್ಲ ಸರಿಮಾಡಿದೆ. ಆದರೆ ಮೈಸೋಪಿನ ಆ ಸಾಲಿನಲ್ಲಿ `FALSE` ಮೊದಲಿಂದಲೂ ಇತ್ತು. ಮೊತ್ತ ಇನ್ನೂ 4,200.

"ಈಚೆಗೆ ಪಟ್ಟಿಯಲ್ಲಿ ಏನಾದರೂ ಬದಲಿಸಿದ್ದೀರಾ ಭಾವ?"

"ಏನೂ ಇಲ್ಲಪ್ಪ. ಜಿಎಸ್‌ಟಿ ಕಡಿಮೆ ಆಯ್ತಲ್ಲ, ಅದೊಂದು ತಿದ್ದಿದೆ."

ಅದೇ ಕಾರಣ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಮೈಸೋಪು, ಟೂತ್‌ಪೇಸ್ಟ್, ತಲೆಗೆಣ್ಣೆ ಇವೆಲ್ಲ 18%ರಿಂದ 5%ಕ್ಕೆ ಇಳಿದವು. ಭಾವ ಆ ಬೆಳಿಗ್ಗೆಯೇ ಶ್ರದ್ಧೆಯಿಂದ `Products` ಹಾಳೆಯ D ಕಾಲಂನಲ್ಲಿ 18% ಅಳಿಸಿ 5% ಬರೆದಿದ್ದರು. ಮಾಡಿದ್ದು ಸರಿಯೇ. ಆದರೆ `Orders` ಹಾಳೆಯ ಸೆಲ್ಲಿನಲ್ಲಿ 18% ಎಂಬ ಅಂಕಿ ಎಂದೂ ಇರಲಿಲ್ಲ. ಅಲ್ಲಿದ್ದದ್ದು ಪಟ್ಟಿಗೆ ಹೋಗಿ ನೋಡಿಕೊಂಡು ಬಾ ಎಂಬ ಅಪ್ಪಣೆ. ಆ ಅಪ್ಪಣೆ ಸೆಪ್ಟೆಂಬರ್ 15ರಂದು ಹೋದಾಗ ಅಲ್ಲಿ 18% ಕಂಡಿತು, ಅಕ್ಟೋಬರಿನಲ್ಲಿ ಹೋದಾಗ 5% ಕಂಡಿತು. ಹತ್ತು ಬಾಕ್ಸಿಗೆ 4,000, ಆಗಿನ ತೆರಿಗೆ 720, ಈಗಿನದು 200. ಕಳೆದುಹೋದ 520 ರೂಪಾಯಿ ಅಲ್ಲಿತ್ತು. ಆ ಒಂದು ಬಿಲ್ಲಷ್ಟೇ ಅಲ್ಲ, ಏಪ್ರಿಲ್‌ನಿಂದ ಬರೆದ ಅಷ್ಟೂ ಸೋಪಿನ ಬಿಲ್ಲುಗಳು ಒಂದೇ ಕ್ಷಣದಲ್ಲಿ ಹೊಸ ತೆರಿಗೆಗೆ ತಿರುಗಿದ್ದವು. ತಿಂಗಳು ತಿಂಗಳು ಸಲ್ಲಿಸಿದ ರಿಟರ್ನಿನ ಅಂಕಿಗೂ ಈ ಶೀಟಿನ ಅಂಕಿಗೂ ಈಗ ತಾಳೆಯಿಲ್ಲ.

ಕೈಬರಹದ ಬಿಲ್ ಪುಸ್ತಕದಲ್ಲಿ ಈ ಪೀಡೆ ಇರಲಿಲ್ಲ. ಬರೆದದ್ದು ಬರೆದಂತೆ ಇರುತ್ತಿತ್ತು.

ಇದಕ್ಕೆ ಮೊದಲ ಉಪಾಯ ಹಣ ಬಂದು ಮುಗಿದ ಬಿಲ್ಲುಗಳನ್ನು ಗಟ್ಟಿಮಾಡುವುದು. ಆ ಸಾಲುಗಳ ಬೆಲೆ, ತೆರಿಗೆಯ ಸೆಲ್ಲುಗಳನ್ನು ಕಾಪಿ ಮಾಡಿ, ಅದೇ ಜಾಗದಲ್ಲಿ ಎಕ್ಸೆಲ್‌ನ `Paste Special` ಒಳಗಿನ `Values` ಆರಿಸಿ ಅಂಟಿಸಿದರೆ ಫಾರ್ಮುಲಾ ಹೋಗಿ ಅಂಕಿ ಮಾತ್ರ ಉಳಿಯುತ್ತದೆ. ಗೂಗಲ್ ಶೀಟ್ಸ್‌ನಲ್ಲಿ `Ctrl+Shift+V` ಒತ್ತಿದರೆ ಸಾಕು. ಇದನ್ನು ದಿನಾ ಸಂಜೆ ಗಲ್ಲಾ ಎಣಿಸುವ ಹೊತ್ತಿಗೆ ಮಾಡಿದರೆ ಸರಿ. ಆದರೆ ಭಾವನಿಗೆ ಇದು ತಡವಾಗಿತ್ತು. ಈಗ ಗಟ್ಟಿಮಾಡಿದರೆ ತಪ್ಪು ಅಂಕಿಯೇ ಗಟ್ಟಿಯಾಗುತ್ತದೆ.

ಹಾಗಾಗಿ ದರಕ್ಕೆ ತಾರೀಖು ಕಟ್ಟಿದೆವು. `Rates` ಎಂಬ ಮೂರನೇ ಹಾಳೆ. ಅದರಲ್ಲಿ ಕೋಡು, ಯಾವತ್ತಿನಿಂದ, ಯಾವತ್ತಿನವರೆಗೆ, ತೆರಿಗೆ ಎಂಬ ನಾಲ್ಕು ಕಾಲಂ. ಮೈಸೋಪಿಗೆ ಈಗ ಎರಡು ಸಾಲು: ಹಳೆಯ ದರ 18%, ಹೊಸದು 5%. ಹೊಸ ಸಾಲಿನ ಕೊನೆಯ ದಿನಕ್ಕೆ 2099ರ ಡಿಸೆಂಬರ್ 31 ಎಂದು ಬರೆದೆವು, ಮುಂದೆ ದರ ಬದಲಾದ ದಿನ ತಿದ್ದಿಕೊಂಡರಾಯಿತು. ಒಗೆಯುವ ಪುಡಿಯ ದರ ಬದಲಾಗಲಿಲ್ಲ, 18%ರಲ್ಲೇ ಉಳಿಯಿತು. ಅದಕ್ಕೆ ಒಂದೇ ಸಾಲು.

ಇಲ್ಲಿ `VLOOKUP` ಸಾಲದು. ಅದು ಮೊದಲು ಸಿಕ್ಕ 101ರ ಬಳಿ ನಿಂತುಬಿಡುತ್ತದೆ, ಕೆಳಗೆ ಇನ್ನೊಂದು 101 ಇರುವುದು ಅದಕ್ಕೆ ಬೇಕಿಲ್ಲ. ಎಕ್ಸೆಲ್ 2021 ಮತ್ತು ಅದಕ್ಕಿಂತ ಹೊಸತರಲ್ಲಿ `XLOOKUP` ಎಂಬ ಬುದ್ಧಿವಂತ ಬಂಧು ಇದ್ದಾನೆ. ಭಾವನ ಕಂಪ್ಯೂಟರಿನಲ್ಲಿರುವುದು 2016ರದ್ದು, ಅದರಲ್ಲಿ ಅವನಿಲ್ಲ. ಹಳೆಯದರಲ್ಲೂ ನಡೆಯುವ `SUMIFS` ಹಿಡಿದೆವು. ತಾರೀಖು B ಕಾಲಂನಲ್ಲಿ, ಕೋಡು C ಕಾಲಂನಲ್ಲಿ ಇದೆ:

```
=SUMIFS(Rates!$D$2:$D$50,
  Rates!$A$2:$A$50,C2,
  Rates!$B$2:$B$50,"<="&B2,
  Rates!$C$2:$C$50,">="&B2)
```

ಕೋಡು ಒಂದೇ ಆಗಿರಬೇಕು, ದರ ಶುರುವಾದ ದಿನ ಬಿಲ್ಲಿನ ದಿನ ಅಥವಾ ಅದಕ್ಕೆ ಮೊದಲಿನದಾಗಿರಬೇಕು, ಮುಗಿಯುವ ದಿನ ಬಿಲ್ಲಿನ ದಿನ ಅಥವಾ ಅದರ ನಂತರದ್ದಾಗಿರಬೇಕು. ಈ ಮೂರಕ್ಕೂ ಹೊಂದುವ ಸಾಲಿನ ತೆರಿಗೆ ಸೆಲ್ಲಿಗೆ ಬರುತ್ತದೆ. ಭಾವನಲ್ಲಿ ಸರಕು ಕೊಡುವುದು, ಬಿಲ್ ಮಾಡುವುದು, ಹಣ ಬರುವುದು ಎಲ್ಲ ಒಂದೇ ದಿನ. ಹಾಗಾಗಿ ಬಿಲ್ಲಿನ ತಾರೀಖೇ ಸಾಕು. ಸರಕು ಮೊದಲು ಹೋಗಿ ಬಿಲ್ಲು ದರ ಬದಲಾದ ಮೇಲೆ ಆದ ಕಡೆ ಯಾವ ದರ ಹಾಕಬೇಕೆಂಬುದಕ್ಕೆ ಬೇರೆ ನಿಯಮವಿದೆ, ಅದನ್ನು ಲೆಕ್ಕಪರಿಶೋಧಕರನ್ನೇ ಕೇಳಬೇಕು.

ಫಾರ್ಮುಲಾ ಎಳೆದೆವು. 15ನೇ ತಾರೀಖಿನ ಸಾಲು 18%ಕ್ಕೆ ಮರಳಿತು, ಮೊತ್ತ 4,720. 23ರದ್ದು 5%. ಭಾವನ ಮುಖ ಅರಳಿತು. ಅಷ್ಟರಲ್ಲಿ 22ನೇ ತಾರೀಖಿನ ಒಂದು ಬಿಲ್ಲಿನ ಮೇಲೆ ಅವರ ಬೆರಳು ನಿಂತಿತು. "ಇದೇನೋ, 23 ಪರ್ಸೆಂಟು?"

`SUMIFS` ಹೆಸರೇ ಹೇಳುವಂತೆ ಅದು ಕೂಡಿಸುತ್ತದೆ. ಒಂದೇ ಸಾಲು ಹೊಂದಿದರೆ ಕೂಡಿಸಲು ಏನೂ ಇಲ್ಲ, ಆ ಅಂಕಿಯೇ ಬರುತ್ತದೆ. ಹಳೆಯ ದರದ ಕೊನೆಯ ದಿನವನ್ನೂ ನಾನು 22 ಎಂದೇ ಬರೆದಿದ್ದೆ, ಹೊಸದು ಶುರುವಾಗುವುದೂ 22. ಆ ಒಂದು ದಿನ ಎರಡೂ ಸಾಲು ಹೊಂದಿ 18ಕ್ಕೆ 5 ಸೇರಿತ್ತು. ಒಂದು ಸಾಲೂ ಹೊಂದದಿದ್ದರೆ ಇದರ ತಿರುವುಮುರುವು: ಸದ್ದಿಲ್ಲದೆ ಸೊನ್ನೆ ಬರುತ್ತದೆ, `#N/A` ಬರುವುದಿಲ್ಲ. ನಿಜವಾಗಿಯೂ ತೆರಿಗೆಯಿಲ್ಲದ ಸಾಮಾನಿಗೂ ಸೊನ್ನೆಯೇ ಆದ್ದರಿಂದ ಕಣ್ಣಳತೆಯಲ್ಲಿ ಗೊತ್ತಾಗದು. ಅದಕ್ಕೆ ಪಕ್ಕದಲ್ಲೊಂದು ಕಾಲಂ ಮಾಡಿ, ಅವೇ ಷರತ್ತುಗಳನ್ನು `COUNTIFS`ಗೆ ಕೊಟ್ಟೆವು. ಎಷ್ಟು ಸಾಲು ಹೊಂದಿದವು ಎಂದು ಅದು ಎಣಿಸುತ್ತದೆ. ಅಲ್ಲಿ ಒಂದೇ ಇರಬೇಕು. ಸೊನ್ನೆಯೋ ಎರಡೋ ಕಂಡರೆ ಆ ಬಿಲ್ಲು ಪ್ರಿಂಟಿಗೆ ಹೋಗಕೂಡದು.

ನಾನು 22ನ್ನು 21 ಮಾಡಿದೆ. ಎರಡು ಇದ್ದಲ್ಲಿ ಒಂದಾಯಿತು. ಭಾವ ಹಳೆಯ ಬಿಲ್ಲನ್ನು ಮತ್ತೆ ಪ್ರಿಂಟ್ ಒತ್ತಿ, ಮಡಚಿ, ಬೆಳಿಗ್ಗೆ ಲೈನ್‌ಗೆ ಹೋಗುವ ಗಾಡಿಯ ಡ್ರೈವರ್ ಕೈಗೆ ಕೊಡಲೆಂದು ಗಲ್ಲಾದ ಮೇಲಿಟ್ಟರು.